ಅಧ್ಯಕ್ಷರು ಎದ್ದು ಹೋದ ಮೇಲೆ

2011ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಇನ್ಫೋಸಿಸ್ ಕಂಪನಿಯ ವಾರ್ಷಿಕ ಮಹಾಸಭೆ ನಡೆಯಿತು. ಎನ್.ಆರ್. ನಾರಾಯಣ ಮೂರ್ತಿ ಅಧ್ಯಕ್ಷರಾಗಿ ಬೀಳ್ಕೊಡುಗೆಯ ಮಾತಾಡಿದ್ದು ಅಲ್ಲಿ. ಆಗಸ್ಟ್‌ಗೆ ಅವರಿಗೆ 65 ತುಂಬುತ್ತಿತ್ತು. ಆ ವಯಸ್ಸಿಗೆ ಅಧ್ಯಕ್ಷರು ಇಳಿಯಬೇಕು ಎಂಬುದು ಕಂಪನಿ ತಾನೇ ಹಾಕಿಕೊಂಡಿದ್ದ ನಿಯಮ. ಏಳು ಜನ ಸೇರಿ 1981ರಲ್ಲಿ ಪುಣೆಯಲ್ಲಿ ಶುರುಮಾಡಿ, ಎರಡು ವರ್ಷದ ನಂತರ ಬೆಂಗಳೂರಿಗೆ ತಂದ ಕಂಪನಿ. ಮೊದಲ ಬಂಡವಾಳ ಪತ್ನಿ ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ. ಅದನ್ನು ಬಿಟ್ಟು ಹೋಗುವಾಗಿನ ಮನಸ್ಸನ್ನು ಅವರು ಮಗಳನ್ನು ಮದುವೆ ಮಾಡಿ ಗಂಡನ ಮನೆಗೆ ಕಳಿಸುವ ತಂದೆಯ ಮನಸ್ಸಿಗೆ ಹೋಲಿಸಿದ್ದರು. ಷೇರುದಾರರಿಗೆ ಆಡಿದ ಮಾತು ಅದು. ಆದರೆ ನಿಜಕ್ಕೂ ಕಿವಿಗೊಡಬೇಕಿದ್ದವರು ಆಡಳಿತ ಮಂಡಳಿಯ ನಿರ್ದೇಶಕರು. ಮಗಳು ಹೋಗುತ್ತಿದ್ದದ್ದು ಅವರ ಮನೆಗೇ.

ಮದುವೆಯಾದ ಮಗಳ ಮನೆಯ ವ್ಯವಹಾರದಲ್ಲಿ ತವರಿನವರು ಎಷ್ಟು ಮಾತಾಡಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ಇನ್ಫೋಸಿಸ್‌ನಲ್ಲಿ ಅದು ಮುಂದಿನ ಆರು ವರ್ಷ ಬೇರೆ ಬೇರೆ ರೂಪದಲ್ಲಿ ಬಂತು. ಅಧ್ಯಕ್ಷರ ಬೀಳ್ಕೊಡುಗೆ ಭಾಷಣಗಳಲ್ಲಿ ಆಡಳಿತ, ವಿಶ್ವಾಸ ಎಂಬ ಎರಡು ಮಾತು ತಪ್ಪದೆ ಬರುತ್ತವೆ. ಆ ಮಾತುಗಳಿಗೆ ಎಷ್ಟು ತೂಕವಿದೆ ಎಂಬುದು ಗೊತ್ತಾಗುವುದು ಭಾಷಣ ಮಾಡಿದವರು ಹೊರಟ ಮೇಲೆ. ಅದನ್ನು ನೋಡಲು ಇಷ್ಟು ಸ್ಪಷ್ಟವಾದ, ಸಾರ್ವಜನಿಕ ದಾಖಲೆಯಲ್ಲಿರುವ ಇನ್ನೊಂದು ಪ್ರಸಂಗ ಬೆಂಗಳೂರಿನಲ್ಲಿ ಇಲ್ಲ.

ಮೊದಲು ಅಧ್ಯಕ್ಷರೆಂದರೆ ಯಾರು ಎಂಬುದನ್ನು ಬಿಡಿಸಿಕೊಳ್ಳೋಣ, ಯಾಕೆಂದರೆ ಅಧ್ಯಕ್ಷರೇ ಕಂಪನಿ ನಡೆಸುತ್ತಾರೆಂದು ಬಹಳ ಮಂದಿ ತಿಳಿದಿರುತ್ತಾರೆ. ದಿನನಿತ್ಯದ ಕೆಲಸ ಸಿಇಒ ಅವರದು. ಅವರು ಉತ್ತರ ಹೇಳಬೇಕಾದದ್ದು ಮಂಡಳಿಗೆ. ಮಂಡಳಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ಆ ಸಭೆಯ ಅಜೆಂಡಾದಲ್ಲಿ ಏನಿರಬೇಕು, ಯಾವ ವಿಷಯಕ್ಕೆ ಎಷ್ಟು ಹೊತ್ತು, ಸುಮ್ಮನೆ ಕೂತ ನಿರ್ದೇಶಕರನ್ನು ಮಾತಾಡಿಸುವುದು ಹೇಗೆ, ನಡಾವಳಿಯಲ್ಲಿ ಏನು ದಾಖಲಾಗಬೇಕು, ಇವೆಲ್ಲ ಅಧ್ಯಕ್ಷರ ಕೈಯಲ್ಲಿರುತ್ತವೆ. ಕೇಳಲು ಗುಮಾಸ್ತರ ಕೆಲಸದಂತಿದೆ. ಆದರೆ ಕಹಿಯಾದ ವಿಷಯ ಅಜೆಂಡಾದ ಕೊನೆಯ ಸಾಲಿಗೆ ಹೋದರೆ, ಊಟದ ಹೊತ್ತಾಯಿತೆಂದು ಅದು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದರಲ್ಲೇ ಅಧ್ಯಕ್ಷರ ಮುಕ್ಕಾಲು ಪಾಲು ಶಕ್ತಿ ಇದೆ.

ಈ ಅಧ್ಯಕ್ಷರನ್ನು ನೋಡಿಕೊಳ್ಳುವವರು ಯಾರು? ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಯ ಮಾಲೀಕರಿಗಾಗಲಿ ಅಧಿಕಾರಿಗಳಿಗಾಗಲಿ ಸಂಬಂಧವಿಲ್ಲದೆ ಹೊರಗಿನಿಂದ ಬಂದವರು, ವರ್ಷಕ್ಕೆ ಒಮ್ಮೆಯಾದರೂ ಬೇರೆ ಯಾರನ್ನೂ ಒಳಗೆ ಬಿಟ್ಟುಕೊಳ್ಳದೆ ತಾವೇ ಸೇರಿ ಅಧ್ಯಕ್ಷರ ಕೆಲಸವನ್ನು ಅಳೆಯಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಟು. ಕಂಪನಿ ಕಟ್ಟಿದವರೇ ಅಧ್ಯಕ್ಷರಾಗಿದ್ದಾಗ, ಅವರೇ ಕರೆತಂದ ನಿರ್ದೇಶಕರು ಆ ಕೋಣೆಯಲ್ಲಿ ಏನು ಮಾತಾಡಿಯಾರು ಎಂಬುದನ್ನು ಓದುಗರೇ ಊಹಿಸಬಹುದು.

ಮೂರ್ತಿಯವರ ವಿಷಯದಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಕಂಪನಿ ಆಡಳಿತದ ಬಗ್ಗೆ ಈ ದೇಶದಲ್ಲಿ ನಿಯಮ ಬರೆದವರಲ್ಲಿ ಅವರೂ ಒಬ್ಬರು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಅವರ ಅಧ್ಯಕ್ಷತೆಯಲ್ಲೇ ಒಂದು ಸಮಿತಿ ಮಾಡಿತ್ತು. ಅದರ ವರದಿ 2003ರಲ್ಲಿ ಬಂತು. ಕಂಪನಿಯೊಳಗಿನ ಅಕ್ರಮ ಕಂಡ ನೌಕರ ತನ್ನ ಮೇಲಧಿಕಾರಿಯನ್ನು ಬಳಸಿಕೊಂಡು ಹೋಗದೆ ನೇರವಾಗಿ ಮಂಡಳಿಯ ಆಡಿಟ್ ಕಮಿಟಿಗೆ ದೂರು ಕೊಡುವ ವ್ಯವಸ್ಥೆ ಇರಬೇಕು ಎಂಬುದು ಆ ಸಮಿತಿಯ ಸಲಹೆಗಳಲ್ಲಿ ಒಂದು. ಅದು ಮೊದಲು ಬೇಕಾದವರು ಪಾಲಿಸಲಿ ಎಂಬ ಮಟ್ಟದಲ್ಲಿ ನಿಂತು, ಹತ್ತು ವರ್ಷದ ನಂತರ ಕಾಯ್ದೆಯೊಳಗೆ ಕಡ್ಡಾಯವಾಗಿ ಬಂತು. ಈ ದೂರಿನ ದಾರಿ ಮುಂದೆ ಇನ್ಫೋಸಿಸ್ ಬಾಗಿಲಿಗೇ ಎರಡು ಸಲ ಬಂದು ನಿಂತಿತು.

2011ರಲ್ಲಿ ಮೂರ್ತಿ ಇಳಿದಾಗ ಅವರ ಜಾಗಕ್ಕೆ ಬಂದವರು ಮಂಗಳೂರಿನ ಕೆ.ವಿ. ಕಾಮತ್, ಐಸಿಐಸಿಐ ಬ್ಯಾಂಕ್ ಕಟ್ಟಿದ ಹೆಸರಾಂತ ಬ್ಯಾಂಕರ್. ಸಂಸ್ಥಾಪಕರಲ್ಲದವರು ಅಧ್ಯಕ್ಷರಾದದ್ದು ಅದೇ ಮೊದಲು. ಸಿಇಒ ಕುರ್ಚಿ ಮಾತ್ರ ಸಂಸ್ಥಾಪಕರಲ್ಲೇ ಒಬ್ಬರಿಂದ ಇನ್ನೊಬ್ಬರಿಗೆ, ಎಸ್. ಗೋಪಾಲಕೃಷ್ಣನ್ ಅವರಿಂದ ಎಸ್.ಡಿ. ಶಿಬುಲಾಲ್ ಅವರಿಗೆ ಹೋಯಿತು. ಮುಂದಿನ ಎರಡು ವರ್ಷ ಕಂಪನಿಯ ಬೆಳವಣಿಗೆ ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬಿತ್ತು. 2013ರ ಜೂನ್ 1ರಂದು ಮಂಡಳಿ ಮೂರ್ತಿಯವರನ್ನು ವಾಪಸ್ ಕರೆಯಿತು. ಈ ಸಲ ಅವರದು ಬರೀ ಅಧ್ಯಕ್ಷ ಸ್ಥಾನವಲ್ಲ, ಕಾರ್ಯನಿರ್ವಾಹಕ ಅಧ್ಯಕ್ಷ ಸ್ಥಾನ. ಸಂಬಳ ವರ್ಷಕ್ಕೆ 1 ರೂಪಾಯಿ. ಜೊತೆಗೆ ಮಗ ರೋಹನ್ ಮೂರ್ತಿ ಕಾರ್ಯನಿರ್ವಾಹಕ ಸಹಾಯಕರಾಗಿ ಬಂದರು.

ದುಡ್ಡಿನ ಪ್ರಶ್ನೆಯೇ ಅಲ್ಲಿರಲಿಲ್ಲ. ಪ್ರಶ್ನೆ ಇದ್ದದ್ದು ನಿಯಮದ್ದು. ಕಾರ್ಯನಿರ್ವಾಹಕ ಹುದ್ದೆಯಲ್ಲಿರುವವರು 60ಕ್ಕೆ ಇಳಿಯಬೇಕೆಂಬುದು ಕಂಪನಿಯ ಪದ್ಧತಿ. ಮೂರ್ತಿಯವರೇ 2006ರಲ್ಲಿ 60 ತುಂಬಿದಾಗ ಹಾಗೆ ಇಳಿದಿದ್ದರು. ಈಗ ಅವರಿಗೆ 67 ಹತ್ತಿರ. ಸಂಸ್ಥಾಪಕರ ಮಕ್ಕಳು ಕಂಪನಿಯೊಳಗೆ ಬರಕೂಡದು ಎಂಬುದನ್ನು ಅವರು ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು. ಷೇರುದಾರರು ಮತ ಹಾಕಿ ಒಪ್ಪಿದ್ದರಿಂದ ಕಾನೂನಿನ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು. ಆದರೆ ಕಷ್ಟಕಾಲ ಬಂತೆಂದರೆ ಸ್ವಂತ ನಿಯಮವನ್ನು ಬದಿಗಿಡಬಹುದು ಎಂಬ ಸಂದೇಶ ಮಂಡಳಿಯ ಕೋಣೆಗೆ ಅಂದು ಹೋಯಿತು ಎಂದೇ ನನ್ನ ಅನಿಸಿಕೆ. ಎರಡು ವರ್ಷದ ಹಿಂದಿನ ಬೀಳ್ಕೊಡುಗೆಯನ್ನು ಇದು ಬೀಳ್ಕೊಡುಗೆಯೇ ಅಲ್ಲದಂತೆ ಮಾಡಿತು.

ಆ ಅವಧಿ ಐದು ವರ್ಷದ್ದು. ಮೂರ್ತಿ ಅಷ್ಟು ಕಾಲ ಉಳಿಯಲಿಲ್ಲ. 2014ರಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿಯಲ್ಲಿದ್ದ ವಿಶಾಲ್ ಸಿಕ್ಕಾ ಸಿಇಒ ಆಗಿ ಬಂದರು. ಹೊರಗಿನವರು ಆ ಕುರ್ಚಿಯಲ್ಲಿ ಕೂತದ್ದು ಮೊದಲ ಸಲ. ಮೂರ್ತಿ, ಅವರ ಮಗ ಇಬ್ಬರೂ ಹೊರಟರು. ಅಕ್ಟೋಬರ್ ಹೊತ್ತಿಗೆ ಅಧ್ಯಕ್ಷ ಸ್ಥಾನ ಮತ್ತೆ ಕಾಮತ್ ಅವರಿಗೆ, ಮರುವರ್ಷ ಅಶೋಕ್ ಲೇಲ್ಯಾಂಡ್‌ನ ಆರ್. ಶೇಷಸಾಯಿ ಅವರಿಗೆ ಹೋಯಿತು. ಮೂರು ವರ್ಷದ ನಂತರ, 2017ರ ಜುಲೈಯಲ್ಲಿ ಮೂರ್ತಿ ಒಂದು ಟಿ.ವಿ. ಸಂದರ್ಶನದಲ್ಲಿ ತಮ್ಮ ಬದುಕಿನ ದೊಡ್ಡ ವಿಷಾದವೆಂದರೆ 2014ರಲ್ಲಿ ಇನ್ಫೋಸಿಸ್ ಬಿಟ್ಟದ್ದು, ಹೋಗಬೇಡಿ ಎಂದ ಜೊತೆಗಾರರ ಮಾತು ಕೇಳಬೇಕಿತ್ತು ಎಂದರು. ನಿವೃತ್ತರಾಗುವ ಅಧ್ಯಕ್ಷರು ಬೀಳ್ಕೊಡುಗೆಯ ದಿನ ಈ ಮಾತನ್ನು ಯಾರೂ ಆಡುವುದಿಲ್ಲ. ಮನಸ್ಸಿನಲ್ಲಿ ಇದ್ದರೂ ಆಡುವುದಿಲ್ಲ.

ಆ ವಿಷಾದದ ಹಿಂದೆ ಇದ್ದದ್ದು ಒಂದು ಜಗಳ. ಅದರಲ್ಲಿ ಹಲವು ಎಳೆಗಳಿವೆ. ಇಸ್ರೇಲಿನ ಪನಾಯಾ ಎಂಬ ಕಂಪನಿಯನ್ನು 2015ರಲ್ಲಿ 20 ಕೋಟಿ ಡಾಲರಿಗೆ ಕೊಂಡದ್ದು ಒಂದು. ಅದರ ಬಗ್ಗೆ ಹೆಸರಿಲ್ಲದ ದೂರುಪತ್ರಗಳು ಬಂದವು. ಸಿಇಒ ಸಂಬಳ ಏರಿದ್ದು ಇನ್ನೊಂದು. ಇವನ್ನೆಲ್ಲ ಬಿಟ್ಟು ಒಂದೇ ಎಳೆಯನ್ನು ಹಿಡಿದು ನೋಡಿದರೆ ಆಡಳಿತ ಎಂಬ ದೊಡ್ಡ ಮಾತಿನ ಒಳಗೆ ಏನಿದೆ ಎಂಬುದು ಚೆನ್ನಾಗಿ ಕಾಣುತ್ತದೆ.

ಕಂಪನಿಯ ಹಣಕಾಸು ಮುಖ್ಯಸ್ಥ ರಾಜೀವ್ ಬನ್ಸಲ್ 2015ರ ಅಕ್ಟೋಬರ್‌ನಲ್ಲಿ ಕೆಲಸ ಬಿಟ್ಟರು. ಬಿಡುವಾಗ ಅವರಿಗೆ 24 ತಿಂಗಳ ಸಂಬಳಕ್ಕೆ ಸಮನಾದ 17.38 ಕೋಟಿ ರೂಪಾಯಿ ಕೊಡುವ ಒಪ್ಪಂದವಾಯಿತು. ದೊಡ್ಡ ಹುದ್ದೆಯವರು ಹೊರಡುವಾಗ ಹೀಗೆ ಇಡಿಗಂಟು ಕೊಡುವುದುಂಟು. ಪ್ರತಿಸ್ಪರ್ಧಿ ಕಂಪನಿಗೆ ಕೂಡಲೇ ಸೇರಬಾರದು, ಒಳಗಿನ ಮಾಹಿತಿ ಹೊರಗೆ ಹೇಳಬಾರದು ಎಂಬ ಷರತ್ತುಗಳೂ ಅದರ ಜೊತೆ ಇರುತ್ತವೆ. ಆದರೆ ಮೊತ್ತ ಸಣ್ಣದಲ್ಲ, ತೆಗೆದುಕೊಳ್ಳುತ್ತಿದ್ದವರು ಕಂಪನಿಯ ಲೆಕ್ಕಪತ್ರಕ್ಕೆ ಸಹಿ ಹಾಕುತ್ತಿದ್ದವರು. ಸುಮಾರು 5.2 ಕೋಟಿ ಕೊಟ್ಟ ಮೇಲೆ ಕಂಪನಿ ಉಳಿದದ್ದನ್ನು ತಡೆಹಿಡಿಯಿತು. ಮೂರ್ತಿಯವರ ಅನುಮಾನ ಅಲ್ಲಿಂದ ಬಲವಾಯಿತು. ಇಂಥ ಪಾವತಿ ನೋಡಿದರೆ ಕಂಪನಿ ಏನನ್ನೋ ಮುಚ್ಚಿಡಲು ಕೊಡುತ್ತಿದೆಯೇ ಎಂಬ ಸಂಶಯ ಬರುತ್ತದೆ ಎಂದು ಅವರು ಬಹಿರಂಗವಾಗಿಯೇ ಕೇಳಿದರು. ಮಂಡಳಿ ಹೊರಗಿನ ವಕೀಲರಿಂದ ತನಿಖೆ ಮಾಡಿಸಿತು. ಅಕ್ರಮವೇನೂ ಕಂಡಿಲ್ಲ ಎಂದು ಉತ್ತರ ಬಂತು.

ಹಾಗಿದ್ದರೆ ತಪ್ಪಿದ್ದು ಎಲ್ಲಿ? ಅದು ಗೊತ್ತಾದದ್ದು ತಡವಾಗಿ, ಸೆಬಿಯ ಕಡತದಲ್ಲಿ. ಹಣಕಾಸು ಮುಖ್ಯಸ್ಥರಂಥವರನ್ನು ಕಾಯ್ದೆ ಕಂಪನಿಗೆ ಹತ್ತಿರದ ಸಂಬಂಧವುಳ್ಳವರು ಎಂದು ಪರಿಗಣಿಸುತ್ತದೆ. ಅಂಥವರ ಜೊತೆ ಕಂಪನಿ ವಿಶೇಷ ವ್ಯವಹಾರ ಮಾಡುವಾಗ ಮೊದಲು ಎರಡು ಬಾಗಿಲು ದಾಟಬೇಕು. ಸಂಬಳ, ಸವಲತ್ತುಗಳನ್ನು ನೋಡುವ ಸಮಿತಿ ಒಂದು, ಆಡಿಟ್ ಕಮಿಟಿ ಇನ್ನೊಂದು. ಎರಡರಲ್ಲೂ ಸ್ವತಂತ್ರ ನಿರ್ದೇಶಕರದೇ ಬಹುಮತ. ಬನ್ಸಲ್ ಅವರ ಇಡಿಗಂಟಿನ ಒಪ್ಪಂದಕ್ಕೆ ಈ ಎರಡು ಸಮಿತಿಗಳ ಒಪ್ಪಿಗೆಯನ್ನು ಮುಂಚಿತವಾಗಿ ಪಡೆದಿರಲಿಲ್ಲ ಎಂಬುದು ಸೆಬಿಯ ಆಕ್ಷೇಪ. 2019ರ ಫೆಬ್ರುವರಿಯಲ್ಲಿ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆ, ಅಲ್ಲಗಳೆಯದೆ, 34.35 ಲಕ್ಷ ರೂಪಾಯಿ ಕಟ್ಟಿ ಆ ವಿಷಯ ಮುಗಿಸಿತು. ಅದಕ್ಕೆ ಮೊದಲೇ, 2018ರಲ್ಲಿ, ಮಧ್ಯಸ್ಥಿಕೆಯ ನ್ಯಾಯಮಂಡಳಿ ಬನ್ಸಲ್ ಅವರಿಗೆ ಬಾಕಿ 12.17 ಕೋಟಿಯನ್ನು ಬಡ್ಡಿಸಮೇತ ಕೊಡಬೇಕೆಂದು ಹೇಳಿತ್ತು.

ಈ ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಒಪ್ಪಿದ ದುಡ್ಡು ಕೊನೆಗೂ ಕೊಡಬೇಕಾಯಿತು, ಮೇಲೆ ಬಡ್ಡಿ, ದಂಡದಂಥ ಮೊತ್ತ ಬೇರೆ. ತನಿಖೆ ಮಾಡಿದವರಿಗೆ ವಂಚನೆ ಕಂಡಿರಲಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಎರಡು ಸಮಿತಿಗಳ ಮುಂದೆ ಒಂದು ಹಾಳೆ ಇಟ್ಟು, ಮೊತ್ತ ಇಷ್ಟು, ಕಾರಣ ಇದು, ಷರತ್ತು ಇವು ಎಂದು ಹೇಳಿ, ಪ್ರಶ್ನೆ ಕೇಳಿಸಿಕೊಂಡು ನಡಾವಳಿಯಲ್ಲಿ ಬರೆದಿದ್ದರೆ ಸಂಸ್ಥಾಪಕರ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲೇ ಇರುತ್ತಿತ್ತು. ಹಾಳೆ ಇಲ್ಲದಿದ್ದಾಗ ‘ನಮ್ಮನ್ನು ನಂಬಿ’ ಎಂದು ಹೇಳುವುದೊಂದೇ ಉಳಿಯುತ್ತದೆ. ನಂಬಬೇಕೋ ಬೇಡವೋ ಎಂಬುದೇ ಪ್ರಶ್ನೆಯಾಗಿರುವಾಗ ಆ ಮಾತು ಯಾರ ಕಿವಿಗೂ ಹೋಗುವುದಿಲ್ಲ. ತನಿಖೆಯ ಪೂರ್ಣ ವರದಿ ಹೊರಗೆ ಬಿಡಿ ಎಂದು ಮೂರ್ತಿ ಕೇಳಿದರು. ಮಂಡಳಿ ಸಾರಾಂಶ ಮಾತ್ರ ಕೊಟ್ಟಿತು. ಪೂರ್ಣ ವರದಿ ಹೊರಬಿದ್ದರೆ ಮುಂದೆ ಗೌಪ್ಯವಾಗಿ ಯಾರೂ ತನಿಖೆಗೆ ಮಾತಾಡುವುದಿಲ್ಲ ಎಂಬ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ಮೊದಲಿನ ಹಾಳೆಯೇ ಇಲ್ಲದ ಮಂಡಳಿಗೆ ಈ ವಾದ ದುಬಾರಿಯಾಯಿತು.

2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು. ಅದೇ ದಿನ ಮಂಡಳಿ ಹೊರಡಿಸಿದ ಹೇಳಿಕೆಯಲ್ಲಿ ಮೂರ್ತಿಯವರ ಹೆಸರೆತ್ತಿ, ಅವರ ಸತತ ಟೀಕೆಯೇ ಇದಕ್ಕೆ ಕಾರಣ ಎಂದು ಹೇಳಿತು. ದುಡ್ಡಾಗಲಿ, ಮಕ್ಕಳಿಗೆ ಹುದ್ದೆಯಾಗಲಿ, ಅಧಿಕಾರವಾಗಲಿ ತಮಗೆ ಬೇಕಿಲ್ಲ, ಆಡಳಿತದ ಮಟ್ಟ ಕುಸಿದದ್ದೇ ತಮ್ಮ ಚಿಂತೆ ಎಂದು ಮೂರ್ತಿ ಉತ್ತರಿಸಿದರು. ಷೇರು ಬೆಲೆ ಒಂದೇ ದಿನ ಶೇಕಡ 10ರ ಹತ್ತಿರ ಬಿತ್ತು. ಮಂಡಳಿಯೂ ಸಂಸ್ಥಾಪಕರೂ ಬಾಯಿಜಗಳಕ್ಕೆ ಬಿದ್ದ ದಿನ ನಷ್ಟವಾದದ್ದು ಇಬ್ಬರಿಗೂ ಸಂಬಂಧಪಡದ ಲಕ್ಷಾಂತರ ಸಣ್ಣ ಷೇರುದಾರರಿಗೆ. ವಾರ ಕಳೆಯುವುದರೊಳಗೆ, 24ರಂದು, ಅಧ್ಯಕ್ಷ ಶೇಷಸಾಯಿ ಮತ್ತು ಇನ್ನೂ ಕೆಲವು ನಿರ್ದೇಶಕರು ಮಂಡಳಿಯಿಂದ ಹೊರಟರು. ಈ ಅಧ್ಯಕ್ಷರಿಗೆ ಮಹಾಸಭೆಯ ಬೀಳ್ಕೊಡುಗೆಯಾಗಲಿ, ಕಲಿತ ಪಾಠಗಳ ಭಾಷಣವಾಗಲಿ ಸಿಗಲಿಲ್ಲ. ಹೋದ ಕೆಲವು ದಿನಕ್ಕೆ ಮೂರ್ತಿಯವರ ಆರೋಪಗಳು ವೈಯಕ್ತಿಕ ದಾಳಿ ಎಂದು ಹೇಳಿಕೆ ಕೊಡಬೇಕಾಗಿ ಬಂತು, ಅಷ್ಟೆ. ನಂದನ್ ನಿಲೇಕಣಿ ಎಂಟು ವರ್ಷದ ನಂತರ ಕಂಪನಿಗೆ ಮರಳಿ ಬಂದು ಅಧ್ಯಕ್ಷರಾದರು. ಅಕ್ಟೋಬರ್‌ನಲ್ಲಿ ಅವರ ಮಂಡಳಿ ಹಳೆಯ ತನಿಖೆಯನ್ನು ಮತ್ತೆ ನೋಡಿ, ಅಕ್ರಮವಿಲ್ಲ ಎಂಬ ತೀರ್ಮಾನವನ್ನೇ ಎತ್ತಿಹಿಡಿಯಿತು. ಪೂರ್ಣ ವರದಿಯನ್ನು ಅದೂ ಹೊರಬಿಡಲಿಲ್ಲ. ಮೂರ್ತಿ ತಮ್ಮ ಪ್ರಶ್ನೆಗಳಿಗೆ ಉತ್ತರ ಸಿಕ್ಕಿಲ್ಲ ಎಂದೇ ನಿಂತರು.

ಹಾಗಾದರೆ ನಿವೃತ್ತ ಸಂಸ್ಥಾಪಕರು ಬಾಯಿ ಮುಚ್ಚಿಕೊಂಡಿರಬೇಕಿತ್ತೇ? ಹಾಗೇನೂ ಇಲ್ಲ. ಷೇರುದಾರನಿಗೆ ಕೇಳುವ ಹಕ್ಕಿದೆ, ಸಂಸ್ಥಾಪಕನೂ ಷೇರುದಾರನೇ. ನನಗೆ ಬಿಡಿಸಲಾಗದ ಒಗಟು ಬೇರೆಯದು. ಶೇಕಡ 10 ಷೇರು ಕೈಯಲ್ಲಿರುವವರು ಮಂಡಳಿಯನ್ನು ಒತ್ತಾಯಿಸಿ ಷೇರುದಾರರ ವಿಶೇಷ ಸಭೆ ಕರೆಸಬಹುದು ಎಂದು ಕಾಯ್ದೆಯಲ್ಲಿದೆ. ಸಂಸ್ಥಾಪಕ ಕುಟುಂಬಗಳೆಲ್ಲ ಸೇರಿದರೆ ಆಗ ಸುಮಾರು ಶೇಕಡ 13ರಷ್ಟು ಷೇರು ಇತ್ತು. ಪ್ರಶ್ನೆಗಳನ್ನು ಗೊತ್ತುವಳಿಯ ರೂಪದಲ್ಲಿ ಇಟ್ಟು ಮತಕ್ಕೆ ಹಾಕಬಹುದಿತ್ತು. ಸೋತಿದ್ದರೂ ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತಿತ್ತು. ಅದನ್ನು ಬಿಟ್ಟು ಮಾತು ಪತ್ರಿಕೆ, ಟಿ.ವಿ., ಇ-ಮೇಲ್‌ಗಳಲ್ಲಿ ನಡೆಯಿತು. ಮಂಡಳಿಗೆ ಅಧಿಕಾರವಿತ್ತು, ಹೆಸರಿನ ತೂಕ ಇರಲಿಲ್ಲ. ಮೂರ್ತಿಯವರಿಗೆ ಹೆಸರಿನ ತೂಕವಿತ್ತು, ಅಧಿಕಾರ ಇರಲಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಮಂಡಳಿ ವಕೀಲರನ್ನು ನೇಮಿಸಿತ್ತು. ಒಂದು ಕಾಲಕ್ಕೆ ಅವರೇ ನಡೆಸಿದ ಸಭೆಯ ಕೋಣೆಗೆ ವಕೀಲರ ಕೈ ಹಿಡಿದು ಬನ್ನಿ ಎಂದರೆ ಯಾರಿಗೆ ತಾನೇ ಹಿಡಿಸೀತು?

ಸಣ್ಣ ಷೇರುದಾರರಿಗೆ, ಅಂದರೆ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ ಒಂದಿಷ್ಟು ಹಾಕುವ ನಮ್ಮಂಥವರಿಗೆ, ಈ ಕೋಣೆಯೊಳಗೆ ಇಣುಕಲು ಇರುವ ಕಿಂಡಿ ವಾರ್ಷಿಕ ವರದಿ. ಅದರ ಮೊದಲ ಪುಟಗಳಲ್ಲಿರುವ ಅಧ್ಯಕ್ಷರ ಪತ್ರವನ್ನು ಬೇಕಾದರೆ ದಾಟಿ ಹೋಗಿ. ಆಡಳಿತದ ವರದಿ ಎಂಬ ಭಾಗದಲ್ಲಿ ಯಾವ ನಿರ್ದೇಶಕರು ಎಷ್ಟು ಸಭೆಗೆ ಬಂದರು ಎಂಬ ಪಟ್ಟಿ ಇರುತ್ತದೆ. ಸಂಬಳದ ಭಾಗದಲ್ಲಿ ಕೆಲಸ ಬಿಟ್ಟವರಿಗೆ ಕೊಟ್ಟ ದುಡ್ಡು ಇರುತ್ತದೆ. ಸ್ವತಂತ್ರ ನಿರ್ದೇಶಕರು ಅವಧಿಗೆ ಮುಂಚೆ ಬಿಟ್ಟರೆ ಕಾರಣವನ್ನು ಬರೆದು ಷೇರುಪೇಟೆಗೆ ಕೊಡಬೇಕು, ಇದರ ಹೊರತು ಬೇರೆ ಮುಖ್ಯ ಕಾರಣವಿಲ್ಲ ಎಂದೂ ದೃಢೀಕರಿಸಬೇಕು. ‘ವೈಯಕ್ತಿಕ ಕಾರಣ’ ಎಂದು ಬರೆದು ಒಂದೇ ವರ್ಷದಲ್ಲಿ ಇಬ್ಬರು ಮೂವರು ಹೊರಟಿದ್ದರೆ, ಅಲ್ಲಿ ಆಡಿಟ್ ಕಮಿಟಿಯಲ್ಲಿದ್ದವರೂ ಇದ್ದರೆ, ಅದಕ್ಕಿಂತ ದೊಡ್ಡ ಸೂಚನೆ ಹೊರಗಿನವರಿಗೆ ಸಿಗುವುದಿಲ್ಲ.

ಇನ್ಫೋಸಿಸ್‌ಗೆ ಎರಡನೆಯ ಸಲ ದೂರುಪತ್ರ ಬಂದದ್ದು 2019ರಲ್ಲಿ. ಈಗಿನ ದೂರು ಸಿಇಒ ಸಲೀಲ್ ಪಾರೇಖ್ ಮತ್ತು ಹಣಕಾಸು ಮುಖ್ಯಸ್ಥರ ಮೇಲೆ, ಲಾಭ ಹೆಚ್ಚಿಗೆ ಕಾಣಿಸಲು ಲೆಕ್ಕ ತಿರುಚುತ್ತಿದ್ದಾರೆ ಎಂದು. ಅಧ್ಯಕ್ಷ ನಿಲೇಕಣಿ ಷೇರುಪೇಟೆಗೆ ಕೊಟ್ಟ ಹೇಳಿಕೆ ತಾರೀಖುಗಳಿಂದ ತುಂಬಿದ ಒಣ ಕಾಗದ. ಒಬ್ಬ ನಿರ್ದೇಶಕರಿಗೆ ಪತ್ರ ಸಿಕ್ಕಿದ್ದು ಸೆಪ್ಟೆಂಬರ್ 30, ಆಡಿಟ್ ಕಮಿಟಿಯ ಮುಂದೆ ಬಂದದ್ದು ಅಕ್ಟೋಬರ್ 10, ಕಾರ್ಯನಿರ್ವಾಹಕರಲ್ಲದ ನಿರ್ದೇಶಕರ ಮುಂದೆ ಬಂದದ್ದು 11, ಹೊರಗಿನ ಕಾನೂನು ಸಂಸ್ಥೆಯನ್ನು ನೇಮಿಸಿದ್ದು 21. ದೂರಿಗೆ ಒಳಗಾದ ಇಬ್ಬರೂ ತನಿಖೆಯಿಂದ ದೂರ ಉಳಿದರು. ಆದರೂ 22ರಂದು ಷೇರು ಶೇಕಡ 16ರಷ್ಟು ಬಿತ್ತು. 2017ರದಕ್ಕಿಂತ ದೊಡ್ಡ ಪೆಟ್ಟು ಅದು. ವ್ಯತ್ಯಾಸ ಕಂಡದ್ದು ಆಮೇಲೆ. 2020ರ ಜನವರಿಯಲ್ಲಿ ಆಡಿಟ್ ಕಮಿಟಿ ಆರೋಪಕ್ಕೆ ಆಧಾರವಿಲ್ಲ ಎಂದು ವರದಿ ಕೊಟ್ಟಾಗ ಅದನ್ನು ಯಾರೂ ಬೀದಿಯಲ್ಲಿ ಪ್ರಶ್ನಿಸಲಿಲ್ಲ. ಮಾರ್ಚ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರೂ ಕ್ರಮವಿಲ್ಲದೆ ತಮ್ಮ ತನಿಖೆ ಮುಗಿಸಿದರು. ಆ ಹೇಳಿಕೆಯಲ್ಲಿ ವಿಶ್ವಾಸದ ಬಗ್ಗೆ ಭಾಷಣ ಇರಲಿಲ್ಲ, ಯಾರು ಯಾವ ದಿನ ಏನು ಮಾಡಿದರು ಎಂಬುದಿತ್ತು. ಒಂದು ಪ್ರಶ್ನೆ ಮಾತ್ರ ಉಳಿಯಿತು. ದೂರು ಬಂದದ್ದನ್ನು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಬಿಎಸ್‌ಇ ಕಂಪನಿಯನ್ನು ಕೇಳಿತು. ಆಧಾರವಿಲ್ಲದ ಅನಾಮಧೇಯ ಪತ್ರವನ್ನು ಕೂಡಲೇ ಪ್ರಕಟಿಸಬೇಕೇ, ಪರಿಶೀಲಿಸಿ ಪ್ರಕಟಿಸಬೇಕೇ ಎಂಬ ಬಗ್ಗೆ ಮಂಡಳಿಗಳ ಒಳಗೆ ಈಗಲೂ ಒಂದೇ ಮಾತಿಲ್ಲ.